ಕರಾರು ಪತ್ರದ ಸಾರಾಂಶದಲ್ಲಿ ಜಾರಿಹೋದ ಮೂರು ಪದ

ಅತ್ತಿಗೆ ಬಾಡಿಗೆಗೆ ಹೋಗುವ ಮನೆಯ ಕರಾರು ಪತ್ರವನ್ನು ಒಂದು ಪುಟಕ್ಕೆ ಇಳಿಸಿ ಕೊಟ್ಟಿದ್ದೆ. ಅಡ್ವಾನ್ಸ್ ಬಗ್ಗೆ ಹೀಗೆ ಬರೆದಿದ್ದೆ: "ಮನೆ ಹಾಳಾಗಿದ್ದರೆ ಖರ್ಚು ಹಿಡಿದುಕೊಳ್ಳುತ್ತಾರೆ." ಮನೆ ಬಿಡುವಾಗ ಮಾಲೀಕರು ಮಾಸಿದ ಗೋಡೆಗೂ ದುಡ್ಡು ಕೇಳಿದರು. ಅತ್ತಿಗೆ ನನ್ನ ಸಾರಾಂಶ ನೋಡಿ ಒಪ್ಪಿಕೊಳ್ಳುವುದರಲ್ಲಿದ್ದರು. ಮೂಲ ಪತ್ರ ತೆಗೆದು ನೋಡಿದೆ: "ಸ್ವಾಭಾವಿಕ ಸವೆತವನ್ನು ಹೊರತುಪಡಿಸಿ, ಬಾಡಿಗೆದಾರರಿಂದ ಆದ ಹಾನಿಯ ವೆಚ್ಚವನ್ನು ಮಾತ್ರ ಕಡಿತ ಮಾಡತಕ್ಕದ್ದು." ಆ ಮೊದಲ ಮೂರು ಪದಗಳನ್ನೇ ನಾನು ಬಿಟ್ಟಿದ್ದೆ. ಸಾಲು ತೋರಿಸಿದ ಮೇಲೆ ಮಾಲೀಕರು ಗೋಡೆಯ ಲೆಕ್ಕ ಬಿಟ್ಟರು.

ಈಗ ಪ್ರತಿ ಷರತ್ತಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾಳೆ ಜಗಳ ಬಂದರೆ ಇಬ್ಬರೂ ಬೆರಳಿಟ್ಟು ಓದುವ ಸಾಲು ಇದೇನಾ? ಹೌದಾದರೆ ಮೂಲ ವಾಕ್ಯವನ್ನೇ ಉದ್ಧರಣ ಚಿಹ್ನೆಯೊಳಗೆ, ಷರತ್ತಿನ ಸಂಖ್ಯೆ ಸಮೇತ ಇಡುತ್ತೇನೆ. ಅದರ ಕೆಳಗೆ ನನ್ನ ಮಾತಲ್ಲಿ ಅರ್ಥ. ಸುಮ್ನೆ ತುಂಡು ಕತ್ತರಿಸುವುದಿಲ್ಲ, ವಿನಾಯಿತಿ ವಾಕ್ಯದ ಮೊದಲಲ್ಲೋ ಕೊನೆಯಲ್ಲೋ ಇರಬಹುದು ಅಲ್ವಾ.

"ಹೊರತುಪಡಿಸಿ", "ಒಳಪಟ್ಟು", "ಮಾತ್ರ" ಕಂಡರೆ ಪೆನ್ನು ನಿಲ್ಲುತ್ತದೆ. ಕ್ರಿಯಾಪದದ ತುದಿಯೂ ಅಷ್ಟೇ ಮುಖ್ಯ. "ಕೊಡತಕ್ಕದ್ದು" ಎಂದರೆ ಕೊಡಲೇಬೇಕು, "ಕೊಡಬಹುದು" ಎಂದರೆ ಅವರ ಇಷ್ಟ. ನಾನು ಎರಡನ್ನೂ "ಕೊಡುತ್ತಾರೆ" ಎಂದು ಬರೆಯುತ್ತಿದ್ದೆ.

ಬಾಡಿಗೆ ಯಾವ ತಾರೀಖಿನೊಳಗೆ, ನೀರಿನ ಬಿಲ್ ಯಾರದು ಎಂಬಂಥವನ್ನು ನನ್ನ ಮಾತಲ್ಲೇ ಬರೆಯುತ್ತೇನೆ. ಅಂಕಿ ಮಾತ್ರ ಮೂಲದ ಜೊತೆ ಎರಡು ಸಲ ತಾಳೆ ನೋಡುತ್ತೇನೆ.