ಗಟರ್ ಬದಲಿಸಲಿಲ್ಲ, ಪೈಪಿನ ಜಾಗ ಬದಲಿಸಿದೆ

ಗಂಗಾವತಿ ಕಡೆ ತಗಡಿನ ಶೆಡ್ಡುಗಳ ಕೆಲಸ ಜಾಸ್ತಿ. ಅಕ್ಕಿ ಗಿರಣಿ ಇದ್ದಲ್ಲೆಲ್ಲ ಗೋದಾಮು ಇರಲೇಬೇಕಲ್ಲ. ಅಂಥ ಒಂದು ಗೋದಾಮಿನಲ್ಲಿ ಬಿರುಸಾದ ಮಳೆ ಬಂದಾಗ ಗೋಡೆ ಗುಂಟ ನೀರು ಇಳಿದು ಚೀಲ ನೆನೆಯುತ್ತಿತ್ತು. ಚಾವಣಿಯ ಅಂಚಿನಲ್ಲಿ ನೀರು ಹಿಡಿಯುವ ಗಟರಿನ ಜಾಯಿಂಟ್ ಸೋರುತ್ತಿದೆ ಅಂತ ಮಾಲೀಕರು ಸಿಲಿಕೋನ್ ಹಚ್ಚಿಸಿದ್ದರು. ಆದರೂ ನಿಂತಿರಲಿಲ್ಲ.

ನಾನು ಹೋಗಿ ಮೊದಲು ನೋಡಿದ್ದು ಗೋಡೆಯ ಕಲೆ. ಗಟರ್ 100 ಅಡಿ ಉದ್ದ, ಎರಡೂ ತುದಿಗೆ ನೀರು ಕೆಳಗಿಳಿಯಲು ಒಂದೊಂದು ಪೈಪ್. ಕಲೆ ಇದ್ದದ್ದು ಸರಿಯಾಗಿ ನಡುವೆ, ಹತ್ತು ಹನ್ನೆರಡು ಅಡಿ ಅಗಲಕ್ಕೆ. ಆ ಜಾಗದಲ್ಲಿ ಜಾಯಿಂಟೇ ಇರಲಿಲ್ಲ. ಮಟ್ಟವಾಗಿ ಕೂರಿಸಿದ ಗಟರಿನಲ್ಲಿ ನೀರು ಪೈಪಿನ ಹತ್ತಿರ ಕಡಿಮೆ ಇರುತ್ತದೆ, ಪೈಪಿನಿಂದ ದೂರ ಹೋದಷ್ಟೂ ಏರುತ್ತದೆ. ಎರಡು ತುದಿಗೆ ಪೈಪ್ ಇದ್ದರೆ ಅತಿ ಹೆಚ್ಚು ಆಳ ನಡುಮಧ್ಯೆ. ಹಾಗಾಗಿ ಇದು ಸೋರಿಕೆಯಲ್ಲ, ತುಂಬಿ ಚೆಲ್ಲುತ್ತಿದೆ ಅನ್ನುವುದು ಕಲೆಯಿಂದಲೇ ಗೊತ್ತಾಯಿತು.

ಮುಂದಿನದು ಲೆಕ್ಕ. ಚಾವಣಿಯ ಒಂದು ಮಗ್ಗುಲು 100 ಅಡಿ ಉದ್ದ, ನೆಲದ ಮೇಲೆ ಅಳೆದರೆ 30 ಅಡಿ ಅಗಲ. ತಗಡಿನ ಇಳಿಜಾರಿನ ಉದ್ದ ಹಿಡಿಯಬಾರದು, ನೆಲದ ಅಳತೆಯನ್ನೇ ಹಿಡಿಯಬೇಕು. ಆದರೆ ನಮ್ಮ ಕಡೆ ಜೋರು ಮಳೆ ಗಾಳಿ ಜೊತೆಗೇ ಬರುತ್ತದೆ, ಓರೆಯಾಗಿ ಬಡಿಯುತ್ತದೆ. ಅದಕ್ಕೆ ಚಾವಣಿ ಎಷ್ಟು ಎತ್ತರ ಏರಿದೆಯೋ ಅದರ ಅರ್ಧವನ್ನು ಅಗಲಕ್ಕೆ ಸೇರಿಸುತ್ತೇನೆ. ಇಲ್ಲಿ ಏರು 6 ಅಡಿ, ಸೇರಿಸಿದ್ದು 3 ಅಡಿ. ಒಟ್ಟು 3300 ಚದರ ಅಡಿ, ಅಂದರೆ ಸುಮಾರು 306 ಚದರ ಮೀಟರ್.

ಇನ್ನು ಮಳೆಯ ಬಿರುಸು. ಗಂಟೆಗೆ 150 ಮಿ.ಮೀ. ಹಿಡಿಯೋಣ ಅಂದೆ. ಮಾಲೀಕರು ನಕ್ಕರು. "ಸರ, ನಮ್ ಕಡೆ ಮಳಿನ ಇಲ್ಲ. ವರ್ಷಕ್ಕ ಆರನೂರು ಮಿ.ಮೀ. ಬಂದ್ರ ದೊಡ್ಡದು. ನೀವು ತಾಸಿಗೆ ನೂರೈವತ್ತು ಅಂತೀರಲ್ಲ?"

"ತಾಸುಗಟ್ಟಲೆ ಬೀಳೂದು ಬ್ಯಾಡ್ರಿ ಸಾವ್ಕಾರ್ರೆ, ಐದು ನಿಮಿಷ ಸಾಕು," ಅಂದೆ.

ವರ್ಷದ ಮಳೆಗೂ ಗಟರಿಗೂ ಸಂಬಂಧವೇ ಇಲ್ಲ. ತಗಡಿನ ಮೇಲೆ ಬಿದ್ದ ನೀರು ಒಂದೆರಡು ನಿಮಿಷದಲ್ಲಿ ಗಟರಿಗೆ ಬಂದುಬಿಡುತ್ತದೆ. 150ರ ಬಿರುಸು ಅಂದರೆ ಐದು ನಿಮಿಷಕ್ಕೆ ಹನ್ನೆರಡೂವರೆ ಮಿ.ಮೀ., ಅಷ್ಟೇ. ಮೇ ತಿಂಗಳ ಗುಡುಗು ಮಳೆ ಅದನ್ನು ಸಲೀಸಾಗಿ ಸುರಿಸುತ್ತದೆ. ದಿನದ ಮಳೆ ಅಂಕಿ ನೋಡಿದರೆ ಇದು ಕಾಣುವುದೇ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಳೆಯುತ್ತವೆ. ಆ ಅಂಕಿ ಸಿಕ್ಕರೆ ನಾಲ್ಕರಿಂದ ಗುಣಿಸಿ ನೋಡಿ. ಅದರೊಳಗಿನ ಐದು ನಿಮಿಷದ ಬಿರುಸು ಅದಕ್ಕಿಂತಲೂ ಜಾಸ್ತಿ ಇರುತ್ತದೆ ಅನ್ನುವುದು ನೆನಪಿರಲಿ.

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಹಾಗಾಗಿ ಸೂತ್ರ ಸರಳ. `A` ಚದರ ಮೀಟರಿನಲ್ಲಿ ವಿಸ್ತೀರ್ಣ, `I` ಗಂಟೆಗೆ ಎಷ್ಟು ಮಿ.ಮೀ. ಅನ್ನುವ ಬಿರುಸು, ಉತ್ತರ `Q` ಸೆಕೆಂಡಿಗೆ ಲೀಟರ್:

```
Q = A × I / 3600
306 × 150 / 3600 = 12.8
```

ಸೆಕೆಂಡಿಗೆ 12.8 ಲೀಟರ್. ಎರಡು ಪೈಪಿಗೆ ಹಂಚಿದರೆ ತಲಾ 6.4. ಅಂದರೆ ಒಂದೊಂದು ಪೈಪೂ 200 ಲೀಟರಿನ ಡ್ರಮ್ಮನ್ನು ಅರ್ಧ ನಿಮಿಷದಲ್ಲಿ ಖಾಲಿ ಮಾಡಬೇಕು.

ಗಟರ್ ಅಳತೆ 6 ಇಂಚು ಅಗಲ, 4 ಇಂಚು ಆಳ. ಮಟ್ಟದ ಚೌಕ ಗಟರಿಗೆ ನಾನು ಬಳಸುವ ಸೂತ್ರ ಇದು. ಅಗಲ `b`, ಅತಿ ಹೆಚ್ಚಿನ ನೀರಿನ ಆಳ `h`, ಎರಡೂ ಮೀಟರಿನಲ್ಲಿ. ಉತ್ತರ ಸೆಕೆಂಡಿಗೆ ಘನ ಮೀಟರ್:

```
Q = b × h^1.5
```

ನಡುವಿನಿಂದ ಒಂದು ತುದಿಗೆ 6.4 ಲೀಟರ್ ಹೋಗಬೇಕಾದರೆ ಆಳ 122 ಮಿ.ಮೀ. ಬೇಕು. ಗಟರ್ ಇರುವುದೇ 100. ಹಿಂದಕ್ಕೆ ಲೆಕ್ಕ ಹಾಕಿದರೆ ಅದು ತಡೆಯುವುದು ಗಂಟೆಗೆ 110 ಮಿ.ಮೀ. ಬಿರುಸಿನವರೆಗೆ ಮಾತ್ರ. ಎಲ್ಲ ಮಳೆಗೂ ಚೆಲ್ಲದೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಯಾಕೆ ಚೆಲ್ಲುತ್ತಿತ್ತು ಅನ್ನುವುದಕ್ಕೂ ಇದೇ ಉತ್ತರ.

ದೊಡ್ಡ ಗಟರ್ ಮಾಡಿಸಿ ಅಂತ ಹೇಳಿ ಬರಬಹುದಿತ್ತು. ಅದರ ಬದಲು ಎರಡೂ ತುದಿ ಮುಚ್ಚಿ, ಪೈಪುಗಳನ್ನು 25 ಅಡಿ ಮತ್ತು 75 ಅಡಿಗೆ ತಂದೆವು. ಈಗ ಪ್ರತಿ ಪೈಪಿಗೂ ಎರಡು ಕಡೆಯಿಂದ ನೀರು ಬರುತ್ತದೆ. ಪೈಪಿಗೆ ಅದೇ 6.4, ಆದರೆ ಗಟರಿನ ಯಾವ ಭಾಗದಲ್ಲೂ 3.2 ಲೀಟರಿಗಿಂತ ಹೆಚ್ಚು ಹರಿಯುವುದಿಲ್ಲ. ಆಳ 77 ಮಿ.ಮೀ.ಗೆ ಇಳಿಯಿತು. ಮೇಲೆ ಸುಮಾರು ಒಂದು ಇಂಚು ಉಳಿಯಿತು. ಉದ್ದ ಗಟರಿನ ತಿಕ್ಕಾಟಕ್ಕೆ ಅದರಲ್ಲಿ ಸ್ವಲ್ಪ ಹೋಗುತ್ತದೆ, ಆದರೂ ಸಾಕು.

ಪೈಪಿನ ಬಾಯಿ ಮಾತ್ರ ಬೇರೆ ತಲೆನೋವು. ಹಳೆಯ 110 ಮಿ.ಮೀ. ಪೈಪನ್ನೇ ಗಟರಿನ ತಳಕ್ಕೆ ಸುಮ್ನೆ ಸೇರಿಸಿದ್ದರೆ ಕೆಲಸ ಕೆಡುತ್ತಿತ್ತು. ಬಾಯಿಯ ಹತ್ತಿರ ನೀರಿನ ಆಳ, ಗಟರಿನಲ್ಲಿ ನೀರಿನ ಅತಿ ಹೆಚ್ಚಿನ ಆಳದ ಅರ್ಧದಷ್ಟೇ. ಅಷ್ಟು ತೆಳು ನೀರಿನಲ್ಲಿ ಆ ಪೈಪ್ ಸೆಕೆಂಡಿಗೆ 3 ಲೀಟರ್ ಎಳೆದರೆ ಹೆಚ್ಚು. ಪೈಪ್ ಉದ್ದಕ್ಕೂ ಖಾಲಿ ಇರುತ್ತದೆ, ಬಾಯಲ್ಲೇ ನೀರು ಕಾಯುತ್ತಿರುತ್ತದೆ. ಅದಕ್ಕೆ ಗಟರಿನ ಕೆಳಗೆ 8 ಇಂಚು ಆಳದ ತಗಡಿನ ಡಬ್ಬಿ ಕೂರಿಸಿ, ಅದರ ತಳದಿಂದ ಪೈಪ್ ಇಳಿಸಿದೆವು. ಬಾಯಿಯ ಮೇಲೆ ಏಳು ಇಂಚು ನೀರು ನಿಂತರೆ ಒತ್ತಡ ಸಿಗುತ್ತದೆ, 110ರ ಪೈಪೇ 9 ಲೀಟರ್ ದಾಟುತ್ತದೆ.

ಹಾಗಾದರೆ 110 ಸಾಕಲ್ವಾ? ಗಿರಣಿ ಅಲ್ಲದಿದ್ದರೆ ಸಾಕಿತ್ತು. ಇಲ್ಲಿ ಭತ್ತದ ಹೊಟ್ಟು, ಬಾಯ್ಲರ್ ಬೂದಿ ಎಲ್ಲ ಹಾರಿ ಬಂದು ಗಟರಿನಲ್ಲಿ ಕೂರುತ್ತದೆ. ಜಾಳಿಗೆ ಇಲ್ಲದೆ ಆಗುವುದಿಲ್ಲ. ಜಾಳಿಗೆ ಹಾಕಿದರೆ ಬಾಯಿಯ ಸಾಮರ್ಥ್ಯ ಅರ್ಧ ಅಂತ ಹಿಡಿಯಬೇಕು. ಆಗ 110ಕ್ಕೆ 5 ಲೀಟರೂ ಆಗುವುದಿಲ್ಲ. 160ರ ಪೈಪಿಗೆ ಅರ್ಧ ಕಳೆದರೂ 10 ಸಿಗುತ್ತದೆ. ಅದನ್ನೇ ಹಾಕಿದೆವು. ಗಟರಿನ ಹೊರ ಅಂಚನ್ನು ನಡುವೆ ಮತ್ತು ಎರಡೂ ತುದಿಯಲ್ಲಿ ಒಂದು ಬೆರಳಿನಷ್ಟು ಕತ್ತರಿಸಿದೆವು. ಜಾಳಿಗೆ ಕಟ್ಟಿಕೊಂಡರೂ ನೀರು ಅಂಗಳಕ್ಕೆ ಬೀಳಬೇಕೇ ಹೊರತು ಗೋಡೆ ಒಳಗಲ್ಲ.

ಮಳೆಗಾಲದ ನಂತರ ಏಣಿ ಹತ್ತಿ ನೋಡಿದೆ. ಗಟರಿನ ಒಳಗೆ ಬೂದಿಯ ಗೆರೆ ಎರಡೂವರೆ ಇಂಚಿಗೆ ನಿಂತಿತ್ತು. ಲೆಕ್ಕ ಹಾಕಿದರೆ ಗಂಟೆಗೆ 115 ಮಿ.ಮೀ. ಹತ್ತಿರದ ಬಿರುಸು. ಹಳೆ ಜೋಡಣೆಯಾಗಿದ್ದರೆ ಚೆಲ್ಲುತ್ತಿತ್ತು.

ಈ ಲೆಕ್ಕವನ್ನು ಆರ್‌ಸಿಸಿ ತಾರಸಿಗೆ ತಂದು ಹಚ್ಚಬೇಡಿ. ತಾರಸಿಯಲ್ಲಿ ಡಬ್ಬಿ ಇಲ್ಲ, ಬಾಯಿಯ ಮೇಲೆ ನೀರು ನಿಲ್ಲಲು ಬಿಡುವಂತೆಯೂ ಇಲ್ಲ. ಅಲ್ಲಿ ನಾನು ರಾಷ್ಟ್ರೀಯ ಕಟ್ಟಡ ಸಂಹಿತೆಯ ಪಟ್ಟಿಯನ್ನೇ ಹಿಡಿಯುತ್ತೇನೆ. 150ರ ಬಿರುಸಿಗೆ 100 ಮಿ.ಮೀ. ಪೈಪಿಗೆ ಅದು ಕೊಡುವುದು 28.5 ಚದರ ಮೀಟರ್ ಮಾತ್ರ.

ಗೋದಾಮಿನಲ್ಲಿ ಇನ್ನೊಂದು ಕೆಲಸ ಉಳಿದಿತ್ತು. ಮೊದಲು ಮೂಲೆಯಲ್ಲಿ ಬೀಳುತ್ತಿದ್ದ ನೀರು ಈಗ ಗೋಡೆಯ ನಡುಭಾಗದ ಬುಡಕ್ಕೆ ಬೀಳುತ್ತದೆ. ಎರೆ ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಗೋಡೆ ಬಿರುಕು ಬಿಡುತ್ತದೆ. ಪೈಪಿನ ಕೆಳಗೆ ಕಾಂಕ್ರೀಟ್ ಚಪ್ಪಡಿ ಹಾಕಿ, ಅಲ್ಲಿಂದ ಚರಂಡಿಯವರೆಗೆ ಕಾಲುವೆ ಕಟ್ಟಿಸಿದೆವು. ಪೈಪ್, ಡಬ್ಬಿ ಎರಡಕ್ಕಿಂತ ಇದಕ್ಕೇ ದುಡ್ಡು ಜಾಸ್ತಿ ಹೋಯಿತು.