ಹೆಚ್ಚು ಹಣ ಯಾವ ಗ್ರಾಹಕರಿಂದ? ಆರ್ಡರ್ ಪಟ್ಟಿಯಿಂದ ಕಂಡುಕೊಳ್ಳಿ

ಆದಾಯದ ಹಂಚಿಕೆಯಲ್ಲಿ ದೊಡ್ಡ ಪಾಲು ಕೆಲವರ ಕೈಯಲ್ಲೇ ಇರುತ್ತದೆ ಎಂದು ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ 19ನೇ ಶತಮಾನದ ಕೊನೆಯಲ್ಲಿ ತೋರಿಸಿದರು. ಶೇ 20 ಜನರಿಂದ ಶೇ 80 ಹಣ ಬರುತ್ತದೆ ಎಂಬ 80-20 ಮಾತಿಗೆ ಅವರ ಹೆಸರೇ ಅಂಟಿಕೊಂಡಿದೆ. ಆ ಲೆಕ್ಕವನ್ನು ನಿಮ್ಮ ಆರ್ಡರ್ ಪಟ್ಟಿಗೂ ಹಾಕಬಹುದು. ಒಂದು ಸ್ಪ್ರೆಡ್‌ಶೀಟ್ ಸಾಕು.

ಮೊದಲು ಕಳೆದ 12 ತಿಂಗಳ ಆರ್ಡರ್‌ಗಳನ್ನು ಡೌನ್‌ಲೋಡ್ ಮಾಡಿ. ರದ್ದಾದ ಆರ್ಡರ್‌ಗಳನ್ನು ತೆಗೆಯಿರಿ, ವಾಪಸ್ ಕೊಟ್ಟ ಹಣವನ್ನು ಕಳೆಯಿರಿ. ಆಮೇಲೆ ಗ್ರಾಹಕರ ಕಾಲಂ ನೋಡಿ. ಜಾಸ್ತಿ ಎಡವಟ್ಟು ಆಗುವುದು ಇಲ್ಲೇ. ಒಬ್ಬರೇ ಎರಡು ಇಮೇಲ್ ಬಳಸಿದ್ದರೆ ಇಬ್ಬರಾಗಿ ಕಾಣುತ್ತಾರೆ. ಫೋನ್ ನಂಬರ್ ಒಂದೇ ಇದ್ದರೆ ಸೇರಿಸಿಬಿಡಿ. ಖಾತೆ ತೆರೆಯದೆ ಕೊಂಡವರದ್ದು ಇದಕ್ಕೆ ಉಲ್ಟಾ: ಅವರೆಲ್ಲರ ಗ್ರಾಹಕ ಸಂಖ್ಯೆ ಖಾಲಿ ಇರುವುದರಿಂದ, ನೂರಾರು ಜನ ಸೇರಿ ಒಬ್ಬ ಭಾರೀ ಗ್ರಾಹಕರಾಗಿ ಪಟ್ಟಿಯ ಮೇಲ್ತುದಿಗೆ ಬಂದು ಕೂರುತ್ತಾರೆ. ಮೊದಲ ಸಾಲಿನಲ್ಲಿ ಹೆಸರೇ ಇಲ್ಲದಿದ್ದರೆ ಕಾರಣ ಇದೇ ಅಂದುಕೊಳ್ಳಿ.

ಈಗ ಪಿವಟ್ ಟೇಬಲ್ ಹಾಕಿ ಪ್ರತಿ ಗ್ರಾಹಕರ ಮೊತ್ತ ತೆಗೆಯಿರಿ. ಫಲಿತಾಂಶವನ್ನು ಹೊಸ ಹಾಳೆಗೆ ಅಂಟಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮೊತ್ತ B ಕಾಲಂನಲ್ಲಿದ್ದು, ಹತ್ತು ಗ್ರಾಹಕರಿದ್ದರೆ, C2ರಲ್ಲಿ ಹೀಗೆ ಬರೆದು ಕೆಳಗೆ ಎಳೆಯಿರಿ:

```
=SUM(B$2:B2)/SUM(B$2:B$11)
```

ಅಲ್ಲಿಯವರೆಗಿನ ಗ್ರಾಹಕರೆಲ್ಲ ಸೇರಿ ತಂದ ಪಾಲನ್ನು ಇದು ಪ್ರತಿ ಸಾಲಿನಲ್ಲೂ ತೋರಿಸುತ್ತದೆ. ಒಟ್ಟು ಮೊತ್ತ 1,00,000 ಎಂದುಕೊಳ್ಳಿ. ಮೊದಲ ನಾಲ್ವರದ್ದು 42,000, 23,000, 11,000, 7,000. C ಕಾಲಂ ಅನ್ನು ಪ್ರತಿಶತ ರೂಪಕ್ಕೆ ಬದಲಿಸಿದರೆ ಅಲ್ಲಿ 42, 65, 76, 83 ಪ್ರತಿಶತ ಬರುತ್ತದೆ. ಅಂದರೆ ಶೇ 20ರಷ್ಟು ಗ್ರಾಹಕರಿಂದ ಶೇ 65 ಹಣ ಬಂದಿದೆ. ಶೇ 80 ದಾಟಲು ನಾಲ್ವರು ಬೇಕಾದರು. 80-20 ಸರಿಯಾಗಿ ಬರಲಿಲ್ಲವಲ್ಲ ಎಂದು ತಲೆಕೆಡಿಸಿಕೊಳ್ಳಬೇಡಿ, ಅದು ನಿಯಮವೇನಲ್ಲ.

ಪಕ್ಕದಲ್ಲಿ ಆರ್ಡರ್‌ಗಳ ಎಣಿಕೆಯನ್ನೂ ಇಟ್ಟುಕೊಳ್ಳಿ. ಆ 42,000 ಒಂದೇ ಆರ್ಡರ್‌ನಲ್ಲಿ ಬಂದಿದ್ದರೆ ಅದು ಒಂದು ಸಲದ ಮಾರಾಟ ಅಷ್ಟೇ, ಅಲ್ವಾ? ಅದನ್ನು ಬದಿಗಿಟ್ಟು ಮತ್ತೆ ಲೆಕ್ಕ ಹಾಕಿದರೆ ಉಳಿದದ್ದು 58,000. ಆಗ ಒಂಬತ್ತು ಜನರಲ್ಲಿ ಮೊದಲ ಸ್ಥಾನದಲ್ಲಿರುವ ಒಬ್ಬರ ಪಾಲು ಸುಮಾರು ಶೇ 40. ಹಾಗೆಯೇ, ಹೋದ ತಿಂಗಳು ಸೇರಿದವರು ಪಟ್ಟಿಯ ಕೆಳಗಿದ್ದರೆ ಅವರನ್ನು ಚಿಕ್ಕ ಗ್ರಾಹಕರು ಎಂದು ತೀರ್ಮಾನಿಸಬೇಡಿ. ಅವರಿಗೆ ಸಿಕ್ಕಿದ್ದೇ ಒಂದು ತಿಂಗಳು.

ಇನ್ನೊಂದು ಪರೀಕ್ಷೆ ನನ್ನ ಪ್ರಕಾರ ಬಿಡಲೇಬಾರದು. ಯಾವ ವರ್ಷ ತೆಗೆದುಕೊಂಡರೂ ಯಾರೋ ಕೆಲವರು ಮೇಲೆ ಇದ್ದೇ ಇರುತ್ತಾರೆ. ಅದಕ್ಕೇ ಅದರ ಹಿಂದಿನ 12 ತಿಂಗಳಿಗೂ ಇದೇ ಲೆಕ್ಕ ಹಾಕಿ, ಎರಡೂ ಪಟ್ಟಿಗಳ ಮೊದಲ ನಾಲ್ವರನ್ನು ಹೋಲಿಸಿ. ಮೂವರು ಅವರೇ ಆಗಿದ್ದರೆ ಅವರಿಗಾಗಿ ಬೇರೆ ಬೆಲೆ, ಬೇರೆ ಸೇವೆ ಯೋಚಿಸಬಹುದು. ಒಬ್ಬರೂ ಉಳಿದಿಲ್ಲದಿದ್ದರೆ, ಹೆಸರು ಹಿಡಿದು ಯೋಜನೆ ಮಾಡುವ ಬದಲು ಅವರು ಏಕೆ ಮರಳಲಿಲ್ಲ ಎಂದು ಹುಡುಕಿ.