ಹಳೆ ಕಂಚಿನ ದೀಪ ಸಿಕ್ಕಿತಾ? ಹುಣಸೆಹಣ್ಣು ಸದ್ಯಕ್ಕೆ ಪಕ್ಕಕ್ಕಿರಲಿ

ನಮ್ಮ ಅಜ್ಜಿ ಮನೆಯಲ್ಲಿ ಒಂದು ಜೊತೆ ಕಂಚಿನ ಕಾಲುದೀಪಗಳಿದ್ದವು. ಮನೆ ಪಾಲಾದಾಗ ಒಂದು ದೊಡ್ಡಪ್ಪನಿಗೆ ಹೋಯಿತು, ಇನ್ನೊಂದು ನಮ್ಮಪ್ಪನಿಗೆ ಬಂತು. ಎರಡರ ಪೀಠದ ಅಂಚಿನಲ್ಲೂ ಮುತ್ತಜ್ಜಿಯ ಹೆಸರು, ಊರು ಇತ್ತು. ಹಿಂದೆ ಮದುವೆ ಪಾತ್ರೆಗಳ ಮೇಲೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆಸುತ್ತಿದ್ದರಲ್ಲ, ಅದೇ ರೀತಿ.

ದೊಡ್ಡಪ್ಪನ ಮನೆಯವರು ಗೃಹಪ್ರವೇಶಕ್ಕೆ ಮುಂಚೆ ದೀಪವನ್ನು ಪಾಲಿಶ್ ಅಂಗಡಿಗೆ ಕೊಟ್ಟರು. ಮಿಷನ್ನಿನ ಚಕ್ರಕ್ಕೆ ಹಿಡಿದು ಉಜ್ಜಿದರು. ದೀಪ ಬಂಗಾರದ ಹಾಗೆ ಹೊಳೆಯಿತು, ಆದರೆ ಹೆಸರಿನ ಅರ್ಧ ಚುಕ್ಕೆಗಳು ಹೊರಟುಹೋದವು. ಆಮೇಲೆ ಹಳೆ ವಸ್ತು ಕೊಳ್ಳುವವರೊಬ್ಬರು ಬಂದು ನೋಡಿ, ತೂಕದ ಲೆಕ್ಕದಲ್ಲಾದರೆ ತಗೋತೀನಿ ಅಂದರು. ಅವರು ಹೇಳಿದ ಕಾರಣ ಸರಿಯಾಗಿಯೇ ಇತ್ತು. ಮೇಲಿನ ಕಂದು ಪದರ, ಕೈ ತಾಗಿ ನುಣುಪಾದ ಜಾಗ, ಉಳಿಯ ಗುರುತು, ಇವು ಮೂರೂ ಹೋದ ಮೇಲೆ ಆ ದೀಪಕ್ಕೂ ಹೋದ ತಿಂಗಳು ಎರಕ ಹೊಯ್ದ ದೀಪಕ್ಕೂ ವ್ಯತ್ಯಾಸ ತೋರಿಸುವುದು ಹೇಗೆ? ವಯಸ್ಸಿನ ಸಾಕ್ಷಿಯೆಲ್ಲ ಲೋಹದ ಮೇಲ್ಮೈಯಲ್ಲೇ ಇರುತ್ತದೆ. ಪಾಲಿಶ್ ಮಾಡುವುದು ಅಂದರೆ ಅದೇ ಮೇಲ್ಮೈಯನ್ನು ಸವೆಸುವುದು.

ನಮ್ಮ ಪಾಲಿನ ದೀಪವನ್ನು ನಾನು ಒಬ್ಬ ಸಂರಕ್ಷಣಾ ತಜ್ಞೆಯ ಹತ್ತಿರ ಒಯ್ದೆ. ಅವರು ಮಾಡಿದ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ.

1. ಮುಟ್ಟುವ ಮುಂಚೆ ಫೋಟೊ

ನಾಲ್ಕೂ ಕಡೆಯಿಂದ, ತಳದಿಂದ, ಬರಹದ ಹತ್ತಿರದಿಂದ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಕಾಣುತ್ತದೆ.

2. ಹಸಿರು ಯಾವುದು ಅಂತ ಗುರುತಿಸಿ

ಜಾಸ್ತಿ ಜನ ಎಡವುವುದು ಇಲ್ಲೇ. ಹಸಿರು ಕಂಡರೆ ಸಾಕು, ಕಿಲುಬು ಅಂತ ಉಜ್ಜಲು ಕೂರುತ್ತಾರೆ. ಆದರೆ ಹಳೆ ದೀಪದ ಮೇಲಿನ ಹಸಿರಿನಲ್ಲಿ ಮೂರು ಬಗೆ ಇದೆ. ಮೂರಕ್ಕೂ ಬೇರೆ ಬೇರೆ ಉತ್ತರ.

ಮೊದಲನೆಯದು ಗಟ್ಟಿ ಪದರ. ಕಂದು, ಕಪ್ಪು ಅಥವಾ ಗಾಢ ಹಸಿರು ಬಣ್ಣ. ಲೋಹಕ್ಕೆ ಚರ್ಮದ ಹಾಗೆ ಅಂಟಿಕೊಂಡಿರುತ್ತದೆ. ಬೆರಳಿಗೆ ನುಣುಪಾಗಿ ಸಿಗುತ್ತದೆ, ಉದುರುವುದಿಲ್ಲ. ಕೊಳ್ಳುವವರು ಪಟಿನಾ ಅನ್ನುವುದು ಇದನ್ನೇ. ಇದು ಒಳಗಿನ ಲೋಹವನ್ನು ಕಾಯುತ್ತದೆ, ಇದನ್ನು ತೆಗೆಯಲೇಬಾರದು.

ಎರಡನೆಯದು ಎಣ್ಣೆಯ ಹಸಿರು. ಬಟ್ಟಲಿನ ಒಳಗೆ, ಬತ್ತಿ ಇಡುವ ಮೂತಿಯಲ್ಲಿ, ತಿರುಪಿನ ಸಂದಿಯಲ್ಲಿ ಕೂತಿರುತ್ತದೆ. ಎಣ್ಣೆಯ ಆಮ್ಲ ತಾಮ್ರದ ಜೊತೆ ಸೇರಿ ಮೇಣದಂಥ ಪದಾರ್ಥವಾಗಿರುತ್ತದೆ. ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿ ನೋಡಿ. ಪುಡಿಯಾಗದೆ ಮೆತ್ತಿಕೊಂಡರೆ ಇದೇ. ಇದನ್ನು ತೆಗೆಯಬಹುದು, ಗಾಬರಿ ಬೇಡ.

ಮೂರನೆಯದೇ ನಿಜವಾದ ರೋಗ. ಸಣ್ಣ ಗುಳಿಗಳ ಒಳಗಿಂದ ತಿಳಿ ಹಸಿರು ಪುಡಿ ಉಕ್ಕಿ ಬಂದಿರುತ್ತದೆ. ಕಡ್ಡಿ ತಾಗಿಸಿದರೆ ಸೀಮೆಸುಣ್ಣದ ಹಾಗೆ ಉದುರುತ್ತದೆ. ಉಪ್ಪಿನ ಅಂಶ, ಅಂದರೆ ಕ್ಲೋರೈಡ್, ಲೋಹದೊಳಗೆ ಸೇರಿದರೆ ಹೀಗಾಗುತ್ತದೆ. ಗಾಳಿಯ ತೇವ ಸಿಕ್ಕಾಗ ಅದು ತಾಮ್ರವನ್ನು ತಿನ್ನುತ್ತದೆ. ಆಗ ಹುಟ್ಟುವ ಆಮ್ಲ ಇನ್ನಷ್ಟು ಒಳಕ್ಕೆ ಕೊರೆಯುತ್ತದೆ. ಬಿಟ್ಟರೆ ನಿಲ್ಲುವುದಿಲ್ಲ.

ಹುಣಸೆಹಣ್ಣಿಗೆ ಉಪ್ಪು ಸೇರಿಸಿ ತಿಕ್ಕುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಹಳೆ ಕಂಚಿನ ವಿಷಯದಲ್ಲಿ ನಾನು ಅದನ್ನು ಪೂರ್ತಿ ಬೇಡ ಅನ್ನುತ್ತೇನೆ. ಹುಳಿ ಕಾಯುವ ಪದರವನ್ನು ಕರಗಿಸುತ್ತದೆ, ಉಪ್ಪು ಕ್ಲೋರೈಡನ್ನು ಗುಳಿಯೊಳಗೆ ಬಿಟ್ಟು ಹೋಗುತ್ತದೆ. ಹಿತ್ತಾಳೆಯಾದರೆ ಇನ್ನೊಂದು ತೊಂದರೆ: ಹುಳಿಗೆ ಸತು ಕರಗಿ ಹೋಗಿ ಅಲ್ಲಲ್ಲಿ ಗುಲಾಬಿ ಬಣ್ಣದ ತಾಮ್ರದ ಕಲೆ ಉಳಿಯುತ್ತದೆ. ಅದನ್ನು ಮತ್ತೆ ಮೊದಲಿನಂತೆ ಮಾಡಲಾಗುವುದಿಲ್ಲ. ಉಜ್ಜುವ ಪುಡಿ, ಸ್ಟೀಲ್ ನಾರು, ಇಟ್ಟಿಗೆ ಪುಡಿ ಇವುಗಳನ್ನೂ ದೂರ ಇಡಿ.

ಅನುಮಾನ ಇದ್ದರೆ ತಜ್ಞೆ ಮಾಡಿದ ಪರೀಕ್ಷೆ ಇದು. ಪುಡಿಯನ್ನು ಒಣ ಬ್ರಷ್‌ನಿಂದ ತೆಗೆದು, ಗುಳಿಯ ಫೋಟೊ ತೆಗೆದುಕೊಂಡರು. ದೀಪವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮೂಲೆಯಲ್ಲಿ ದೀಪಕ್ಕೆ ತಾಗದ ಹಾಗೆ ಒದ್ದೆ ಹತ್ತಿ ಇಟ್ಟರು. ಒಂದು ದಿನ ಬಿಟ್ಟು ತೆಗೆದಾಗ ಪೀಠದ ಕೆಳಗಿನ ಎರಡು ಗುಳಿಗಳಲ್ಲಿ ಹೊಸ ತಿಳಿ ಹಸಿರು ಕಂಡಿತು. ಉಳಿದ ಕಡೆ ಏನೂ ಇಲ್ಲ. ಅಷ್ಟೂ ದೀಪದಲ್ಲಿ ಚಿಕಿತ್ಸೆ ಬೇಕಿದ್ದದ್ದು ಆ ಎರಡು ಜಾಗಕ್ಕೆ ಮಾತ್ರ.

3. ರೋಗದ ಜಾಗಕ್ಕೆ ಮಾತ್ರ ಔಷಧಿ

ಇದನ್ನು ಮನೆಯಲ್ಲಿ ಮಾಡಬೇಡಿ. ಭೂತಗನ್ನಡಿಯ ಕೆಳಗೆ ಸಣ್ಣ ಬ್ಲೇಡಿನಿಂದ ಪುಡಿ ಕೆರೆದು ತೆಗೆದು, ತಾಮ್ರ ಕಿಲುಬುವುದನ್ನು ತಡೆಯುವ ಬೆಂಜೊಟ್ರಯಜೋಲ್ ಅನ್ನುವ ರಾಸಾಯನಿಕವನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಹಾಕುತ್ತಾರೆ. ಅದು ಉಸಿರಿಗೂ ಚರ್ಮಕ್ಕೂ ಒಳ್ಳೆಯದಲ್ಲ. ಒಣಗಿದ ಮೇಲೆ ಪ್ಯಾರಲಾಯ್ಡ್ ಬಿ-72 ಅನ್ನುವ ರಾಳದ ತೆಳು ಲೇಪ. ಯಾವಾಗ ಬೇಕಾದರೂ ಅಸಿಟೋನ್‌ನಿಂದ ಇದನ್ನು ತೆಗೆಯಬಹುದು. ಅಂಗಡಿಯ ದಪ್ಪ ವಾರ್ನಿಶ್ ಬಳಿಸಬೇಡಿ. ಅದು ಹಳದಿಯಾಗುತ್ತದೆ, ಬಿರುಕಿನಲ್ಲಿ ತೇವ ಹಿಡಿಯುತ್ತದೆ.

4. ಧೂಳು, ಜಿಡ್ಡು

ಮೆತ್ತನೆ ಬ್ರಷ್. ಜಿಡ್ಡಿಗೆ ಬಿದಿರು ಕಡ್ಡಿಗೆ ಸುತ್ತಿದ ಹತ್ತಿ, ಸ್ವಲ್ಪ ವೈಟ್ ಸ್ಪಿರಿಟ್. ಬೆಂಕಿ ಹತ್ತಿರ ಬೇಡ.

5. ಮುರಿದದ್ದನ್ನು ಸರಿ ಮಾಡಬೇಕಾ?

ನಮ್ಮ ದೀಪದಲ್ಲಿ ಮೂರು ದೋಷಗಳಿದ್ದವು. ಪೀಠದಲ್ಲಿ ನಗ್ಗು, ಕಂಬದ ಮೇಲೆ ಹಳೆಯ ಸೀಸದ ಬೆಸುಗೆ, ಬಟ್ಟಲಿನಲ್ಲಿ ಎಣ್ಣೆ ಸೋರುವ ಸೀಳು. ಮೂರನ್ನೂ ಸರಿ ಮಾಡಿಸುವ ಆಸೆ ನನಗಿತ್ತು. ಅವರು ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳಿದರು: ಹೀಗೇ ಬಿಟ್ಟರೆ ದೀಪ ಇನ್ನಷ್ಟು ಹಾಳಾಗುತ್ತದಾ? ಮಾಡಿದ್ದನ್ನು ನಾಳೆ ಬಿಚ್ಚಲು ಸಾಧ್ಯವಾ?

ನಗ್ಗಿನಿಂದ ಅಪಾಯವಿಲ್ಲ, ಬಡಿದು ಎಬ್ಬಿಸಿದರೆ ಹಳೆ ಕಂಚು ಸೀಳಬಹುದು. ಹಾಗೇ ಬಿಟ್ಟರು. ಸೀಸದ ಬೆಸುಗೆ ಒರಟಾಗಿತ್ತು, ಆದರೆ ಗಟ್ಟಿಯಾಗಿತ್ತು. ಯಾರೋ ಹಿರಿಯರು ಮಾಡಿಸಿದ್ದು, ಅದೂ ದೀಪದ ಚರಿತ್ರೆಯೇ ಅಂತ ಅದನ್ನೂ ಬಿಟ್ಟರು. ಸೀಳಿಗೆ ಹೊಸ ಬೆಸುಗೆ ಹಾಕಿದರೆ ಬಿಸಿಗೆ ಸುತ್ತಲಿನ ಪದರ ಬಣ್ಣ ಕೆಡುತ್ತದೆ. "ಹಬ್ಬಕ್ಕೆ ಹಚ್ಚುತ್ತೀರಾ?" ಅಂತ ಕೇಳಿದರು. ಹೌದು ಅಂದೆ. "ಹಾಗಾದರೆ ಬಟ್ಟಲೊಳಗೆ ಒಂದು ಸಣ್ಣ ಹಣತೆ ಇಡಿ, ಎಣ್ಣೆ ಅದರಲ್ಲಿರಲಿ" ಅಂದರು. ನಾನಾಗಿದ್ದರೆ ಈ ಉಪಾಯ ಹೊಳೆಯುತ್ತಿರಲಿಲ್ಲ.

ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಮಾತ್ರ ಯಾವ ಕಾರಣಕ್ಕೂ ಬೇಡ. 2014ರಲ್ಲಿ ಕೈರೊದ ಮ್ಯೂಸಿಯಮ್ಮಿನಲ್ಲಿ ಪ್ರಾಚೀನ ಈಜಿಪ್ಟಿನ ರಾಜ ಟೂಟನ್‌ಖಾಮನ್‌ನ ಚಿನ್ನದ ಮುಖವಾಡದ ಗಡ್ಡ ಕಳಚಿದಾಗ ಅವಸರದಲ್ಲಿ ಅದನ್ನೇ ಹಚ್ಚಿದ್ದರು. ಮರುವರ್ಷ ಜರ್ಮನಿಯ ತಜ್ಞರು ಬಂದು ಮರದ ಕಡ್ಡಿಗಳಿಂದ ಆ ಅಂಟನ್ನು ಬಿಡಿಸಬೇಕಾಯಿತು. ಆಮೇಲೆ ಅವರು ಗಡ್ಡವನ್ನು ಜೋಡಿಸಿದ್ದು ಜೇನುಮೇಣದಿಂದ.

ಪೂಜೆಯ ವಿಗ್ರಹದ ಲೆಕ್ಕ ಬೇರೆ. ದಿನಾ ಅಭಿಷೇಕ ಆಗುವ ಮೂರ್ತಿ ಸವೆಯುವುದು ಅದರ ಬದುಕಿನ ಭಾಗ. ಪೂಜೆ ನಿಲ್ಲಿಸಿ ಅಂತ ಒಳ್ಳೆ ತಜ್ಞರು ಹೇಳುವುದಿಲ್ಲ. ಉಜ್ಜುವ ಪುಡಿ ಬಿಡಿ, ನೀರು ಬಿದ್ದ ಮೇಲೆ ಬಟ್ಟೆಯಿಂದ ಪೂರ್ತಿ ಒರೆಸಿ ಅನ್ನುತ್ತಾರೆ ಅಷ್ಟೆ.

6. ಇಡುವ ಜಾಗ

ಒಣ ಜಾಗದಲ್ಲಿ, ಬಚ್ಚಲು ಮತ್ತು ಅಡುಗೆಮನೆಯಿಂದ ದೂರ ಇಡಿ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ದೀಪವನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ತೇವ ಹೀರಿದಾಗ ಬಣ್ಣ ಬದಲಾಗುವ ಬಗೆಯ ಸಿಲಿಕಾ ಜೆಲ್ ಇಡಿ. ಜೆಲ್‌ನ ಬಣ್ಣ ಬದಲಾದರೆ ಒಣಗಿಸಿ ಮತ್ತೆ ಬಳಸಬಹುದು. ನಮ್ಮ ದೀಪದ ಆ ಎರಡು ಗುಳಿಗಳನ್ನು ನಾನು ಪ್ರತಿ ಮಳೆಗಾಲ ಮುಗಿದ ಮೇಲೆ ಹಳೆಯ ಫೋಟೊ ಪಕ್ಕದಲ್ಲಿಟ್ಟುಕೊಂಡು ನೋಡುತ್ತೇನೆ. ಇನ್ನೂ ಕಂದಾಗೇ ಇವೆ.